ಅರ್ಜಿ ಆರುನೂರು, ಅರ್ಹರು ಹದಿನಾರು

‘ಸ್ಟಾಫ್ ನರ್ಸ್‌ಗಳು ಬೇಕಾಗಿದ್ದಾರೆ. ಆಕರ್ಷಕ ಸಂಬಳ. ಅನುಭವಿಗಳಿಗೆ ಆದ್ಯತೆ. ತಕ್ಷಣ ಸಂಪರ್ಕಿಸಿ.’

ಇಂಥ ಜಾಹೀರಾತು ಪತ್ರಿಕೆಯ ಕ್ಲಾಸಿಫೈಡ್ ಪುಟದಲ್ಲಿ, ಫೇಸ್‌ಬುಕ್‌ನಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ದಿನವೂ ಕಾಣುತ್ತದೆ. ಅದರ ಹಿಂದೆ ಹಣ ಹೋಗಿರುತ್ತದೆ. ಹಣ ಕೊಟ್ಟ ಸಂಸ್ಥೆಯನ್ನು ‘ಜಾಹೀರಾತಿನಿಂದ ಏನು ಸಿಕ್ಕಿತು?’ ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಅರ್ಜಿಗಳ ಸಂಖ್ಯೆ. ಇಷ್ಟು ನೂರು ಅರ್ಜಿ ಬಂದವು, ಒಂದು ಅರ್ಜಿಗೆ ಇಷ್ಟೇ ರೂಪಾಯಿ ಬಿತ್ತು ಎಂದು ವರದಿ ಸಿದ್ಧವಾಗುತ್ತದೆ. ಆದರೆ ಹೊರೆ ಹೊರೆ ಅರ್ಜಿ ಬಂದಿದ್ದರೂ ವಾರ್ಡಿನಲ್ಲಿ ನರ್ಸ್ ಇರುವುದಿಲ್ಲ. ಎಲ್ಲಿ ಎಣಿಸಬೇಕಿತ್ತೋ ಅಲ್ಲಿ ಎಣಿಸದೆ, ಎಣಿಸಲು ಸುಲಭವಾದ ಕಡೆ ಎಣಿಸಿದ್ದೇ ಇದಕ್ಕೆ ಕಾರಣ.

ನೇಮಕಾತಿ ಜಾಹೀರಾತಿನ ಕ್ಷೇತ್ರದಲ್ಲಿ ಪಳಗಿದವರು ಎರಡು ಅಳತೆಗಳನ್ನು ಬಿಡದೆ ನೋಡುತ್ತಾರೆ. ಒಬ್ಬ ಅರ್ಹ ಅರ್ಜಿದಾರ ಸಿಗಲು ಆದ ಖರ್ಚು ಒಂದು. ಅರ್ಜಿ ಹಾಕಿದವರು ಕೆಲಸ ಒಪ್ಪಿಕೊಳ್ಳುವವರೆಗೆ ಹಿಡಿದ ದಿನಗಳು ಇನ್ನೊಂದು. ಎರಡೂ ಕೇಳಲು ಸರಳ. ಆದರೆ ‘ಅರ್ಹ’ ಎಂದರೆ ಯಾರು, ದಿನಗಳನ್ನು ಯಾವ ದಿನದಿಂದ ಎಣಿಸಬೇಕು ಎಂಬಲ್ಲಿ ಎಡವಿದರೆ ಉಳಿದ ಲೆಕ್ಕವೆಲ್ಲ ದಾರಿ ತಪ್ಪುತ್ತದೆ.

ಲೆಕ್ಕವನ್ನು ಕಣ್ಣಾರೆ ನೋಡಲು ಒಂದು ಆಸ್ಪತ್ರೆಯನ್ನು ಕಲ್ಪಿಸಿಕೊಳ್ಳೋಣ. ಹುಬ್ಬಳ್ಳಿಯಂಥ ಊರು, 150 ಹಾಸಿಗೆ, ಎಂಟು ಸ್ಟಾಫ್ ನರ್ಸ್ ಹುದ್ದೆ ಖಾಲಿ. ಇಲ್ಲಿ ಬರುವ ಅಂಕಿಗಳು ಉದಾಹರಣೆಗಾಗಿ ಹೊಂದಿಸಿಕೊಂಡವು. ಲೆಕ್ಕದ ಕ್ರಮ ಮಾತ್ರ ನಿಜವಾದದ್ದು. ನರ್ಸ್ ಹುದ್ದೆಯನ್ನೇ ಆರಿಸಿಕೊಳ್ಳಲು ಕಾರಣವಿದೆ. ಇಲ್ಲಿ ಅರ್ಹತೆ ಬಾಯಿಮಾತಿನ ವಿಷಯವಲ್ಲ. ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾ ಅಥವಾ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಓದಿರಬೇಕು, ಜೊತೆಗೆ ರಾಜ್ಯ ನರ್ಸಿಂಗ್ ಕೌನ್ಸಿಲಿನ ನೋಂದಣಿ ಇರಬೇಕು. ಇದರ ಮೇಲೆ ನಮ್ಮ ಆಸ್ಪತ್ರೆ ತನ್ನದೇ ಎರಡು ಷರತ್ತು ಸೇರಿಸಿದೆ: ಎರಡು ವರ್ಷದ ಅನುಭವ ಮತ್ತು ನೈಟ್ ಡ್ಯೂಟಿಗೆ ಒಪ್ಪಿಗೆ. ಈ ನಾಲ್ಕೂ ಇದ್ದವರು ಅರ್ಹರು, ಒಂದು ಕಡಿಮೆಯಾದರೂ ಅಲ್ಲ. ಜಾಹೀರಾತು ಹೊರಡುವ ಮೊದಲೇ ಇದನ್ನು ಬರೆದಿಟ್ಟುಕೊಳ್ಳಬೇಕು. ಅರ್ಜಿಗಳು ಬಂದ ಮೇಲೆ ಅರ್ಹತೆ ನಿಗದಿ ಮಾಡಲು ಕುಳಿತರೆ, ಬಂದವರಿಗೆ ತಕ್ಕಂತೆ ಅರ್ಹತೆ ಹಿಗ್ಗುತ್ತದೆ, ಕುಗ್ಗುತ್ತದೆ.

ಆಸ್ಪತ್ರೆ ಎರಡು ಕಡೆ ಜಾಹೀರಾತು ಕೊಟ್ಟಿತು ಅನ್ನೋಣ. ಪತ್ರಿಕೆಗೆ 36,000 ರೂಪಾಯಿ, ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ಗೆ 24,000. ಪತ್ರಿಕೆ ನೋಡಿ 90 ಜನ ಅರ್ಜಿ ಹಾಕಿದರು, ಫೇಸ್‌ಬುಕ್ ಕಡೆಯಿಂದ 600 ಅರ್ಜಿ ಬಂದವು. ಅಂದರೆ ಪತ್ರಿಕೆಯ ಒಂದು ಅರ್ಜಿಗೆ 400 ರೂಪಾಯಿ, ಫೇಸ್‌ಬುಕ್‌ನದಕ್ಕೆ ಬರೀ 40. ಲೆಕ್ಕ ಇಲ್ಲಿಗೇ ನಿಂತರೆ ಮುಂದಿನ ತಿಂಗಳು ಪತ್ರಿಕೆಯ ಜಾಹೀರಾತು ರದ್ದಾಗುವುದು ಖಂಡಿತ.

ಈಗ ಆ ನಾಲ್ಕು ಷರತ್ತುಗಳ ಜರಡಿ ಹಿಡಿದರೆ ಪತ್ರಿಕೆಯ 90ರಲ್ಲಿ 48 ಜನ ಉಳಿಯುತ್ತಾರೆ, ಫೇಸ್‌ಬುಕ್‌ನ 600ರಲ್ಲಿ 16 ಜನ. ಖರ್ಚನ್ನು ಅರ್ಹರ ಸಂಖ್ಯೆಯಿಂದ ಭಾಗಿಸಿದರೆ ಪತ್ರಿಕೆಯಲ್ಲಿ ತಲೆಗೆ 750 ರೂಪಾಯಿ, ಫೇಸ್‌ಬುಕ್‌ನಲ್ಲಿ 1,500. ಹತ್ತು ಪಟ್ಟು ಅಗ್ಗವಾಗಿ ಕಂಡದ್ದು ಎರಡು ಪಟ್ಟು ದುಬಾರಿಯಾಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ಆ 600 ಅರ್ಜಿಗಳನ್ನು ಯಾರೋ ಕೂತು ನೋಡಬೇಕಲ್ಲ. ಒಂದೊಂದು ಅರ್ಜಿಗೆ ಬಯೋಡೇಟಾ ತೆರೆದು, ಫೋನ್ ಮಾಡಿ, ‘ನೋಂದಣಿ ಆಗಿದೆಯಾ ಸಿಸ್ಟರ್, ನೈಟ್ ಡ್ಯೂಟಿ ಮಾಡ್ತೀರಾ?’ ಎಂದು ಕೇಳಲು ಐದು ನಿಮಿಷ ಹಿಡಿದರೂ 50 ಗಂಟೆ ಬೇಕು. ಎಚ್‌ಆರ್ ಸಿಬ್ಬಂದಿಯ ಗಂಟೆಗೆ 250 ರೂಪಾಯಿ ಎಂದರೂ 12,500 ರೂಪಾಯಿ ಅಲ್ಲಿ ಹೋಯಿತು. ಪತ್ರಿಕೆಯ 90 ಅರ್ಜಿಗಳಿಗೆ ಬೇಕಾದದ್ದು ಏಳೂವರೆ ಗಂಟೆ, 1,875 ರೂಪಾಯಿ. ಇದನ್ನೂ ಸೇರಿಸಿದರೆ ಫೇಸ್‌ಬುಕ್‌ನಿಂದ ಬಂದ ಒಬ್ಬ ಅರ್ಹ ಅರ್ಜಿದಾರರ ವೆಚ್ಚ 2,281ಕ್ಕೆ ಏರುತ್ತದೆ, ಪತ್ರಿಕೆಯದು 789ರಲ್ಲಿ ನಿಲ್ಲುತ್ತದೆ. ಜಾಹೀರಾತಿನ ಬಿಲ್ಲಿನಲ್ಲಿ ಕಾಣದ ಈ ಖರ್ಚನ್ನು ಬಿಟ್ಟುಬಿಡುವುದು ಬಹಳ ಕಡೆ ನಡೆಯುವ ತಪ್ಪು. ಅಮೆರಿಕದ ಮಾನವ ಸಂಪನ್ಮೂಲ ವೃತ್ತಿಪರರ ಸಂಘ ಎಸ್‌ಎಚ್‌ಆರ್‌ಎಂ ಸಿದ್ಧಪಡಿಸಿ, ಅಲ್ಲಿನ ರಾಷ್ಟ್ರೀಯ ಮಾನಕ ಸಂಸ್ಥೆಯ ಮನ್ನಣೆಯೊಂದಿಗೆ 2012ರಲ್ಲಿ ಬಂದ ನೇಮಕಾತಿ ವೆಚ್ಚದ ಮಾನದಂಡ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಹೊರಗೆ ಕೊಟ್ಟ ಹಣ, ಒಳಗಿನ ಸಿಬ್ಬಂದಿಯ ಶ್ರಮ, ಎರಡನ್ನೂ ಕೂಡಿಸಿದ ಮೇಲೆಯೇ ನೇಮಕಗೊಂಡವರ ಸಂಖ್ಯೆಯಿಂದ ಭಾಗಿಸಬೇಕು.

ಹಾಗಾದರೆ ಫೇಸ್‌ಬುಕ್ ಜಾಹೀರಾತೇ ಕೆಟ್ಟದ್ದೇ? ಆ ತೀರ್ಮಾನಕ್ಕೆ ಬರುವ ಮೊದಲು 584 ಜನ ಅನರ್ಹರು ಯಾಕೆ ಬಂದರು ಎಂದು ನೋಡಬೇಕು. ಉತ್ತರ ಜಾಹೀರಾತಿನ ಸಾಲುಗಳಲ್ಲೇ ಇದೆ. ‘ಆಕರ್ಷಕ ಸಂಬಳ’ ಎಂಬುದು ಎಲ್ಲರನ್ನೂ ಕರೆಯುತ್ತದೆ, ಯಾರಿಗೂ ಏನೂ ಹೇಳುವುದಿಲ್ಲ. ‘ಅನುಭವಿಗಳಿಗೆ ಆದ್ಯತೆ’ ಎಂದರೆ ಅನುಭವ ಇಲ್ಲದವರೂ ಬರಬಹುದು ಎಂದೇ ಅರ್ಥ. ನೋಂದಣಿಯ ಸುದ್ದಿಯೇ ಇಲ್ಲ. ಹೀಗಾಗಿ ಎಎನ್‌ಎಂ ಓದಿದವರು, ಇನ್ನೂ ಕೊನೆಯ ವರ್ಷದಲ್ಲಿರುವವರು, ಆರು ತಿಂಗಳ ಹೋಂ ನರ್ಸಿಂಗ್ ತರಬೇತಿ ಪಡೆದವರು, ಆಸ್ಪತ್ರೆಯಲ್ಲಿ ಯಾವುದಾದರೂ ಕೆಲಸ ಸಿಕ್ಕರೆ ಸಾಕು ಎನ್ನುವವರು ಎಲ್ಲರೂ ಅರ್ಜಿ ಹಾಕುತ್ತಾರೆ. ಅವರದೇನೂ ತಪ್ಪಿಲ್ಲ. ಬರೆದವರು ಹೇಳಬೇಕಾದದ್ದನ್ನು ಹೇಳಿಲ್ಲ.

ಫೇಸ್‌ಬುಕ್‌ನ ತಯಾರಿ ಅರ್ಜಿ ನಮೂನೆಯೂ ಇದಕ್ಕೆ ಸೇರಿಕೊಳ್ಳುತ್ತದೆ. ಜಾಹೀರಾತಿನ ಮೇಲೆ ಬೆರಳಿಟ್ಟರೆ ಹೆಸರು, ಫೋನ್ ನಂಬರ್ ತಾವಾಗಿಯೇ ತುಂಬಿಕೊಂಡು ನಮೂನೆ ತೆರೆಯುತ್ತದೆ; ಇನ್ನೊಮ್ಮೆ ಒತ್ತಿದರೆ ಅರ್ಜಿ ಹೋಯಿತು. ಎಷ್ಟೋ ಮಂದಿಗೆ ತಾವು ಅರ್ಜಿ ಹಾಕಿದ್ದೇ ನೆನಪಿರುವುದಿಲ್ಲ. ಇದಕ್ಕೆ ಪರಿಹಾರವೂ ಅಲ್ಲೇ ಇದೆ. ಹೆಚ್ಚು ಅರ್ಜಿ ಬೇಕೋ, ಗಂಭೀರವಾದ ಅರ್ಜಿ ಬೇಕೋ ಎಂದು ಜಾಹೀರಾತು ಕೊಡುವವರು ಆರಿಸಿಕೊಳ್ಳಬಹುದು. ಎರಡನೆಯದನ್ನು ಆರಿಸಿದರೆ ಕಳಿಸುವ ಮುನ್ನ ಎಲ್ಲವನ್ನೂ ಮತ್ತೊಮ್ಮೆ ಓದಿ ಖಚಿತಪಡಿಸುವ ಒಂದು ಪುಟ ಬರುತ್ತದೆ. ನಮೂನೆಗೆ ತಮ್ಮದೇ ಪ್ರಶ್ನೆ ಸೇರಿಸುವ ಅವಕಾಶವೂ ಇದೆ. ‘ನಿಮ್ಮ ನರ್ಸಿಂಗ್ ಕೌನ್ಸಿಲ್ ನೋಂದಣಿ ಸಂಖ್ಯೆ?’ ಎಂಬ ಒಂದೇ ಪ್ರಶ್ನೆ ಹಾಕಿದರೂ ಬಹಳಷ್ಟು ಜನ ಅಲ್ಲಿಗೇ ನಿಲ್ಲುತ್ತಾರೆ. ಆದರೆ ಪ್ರಶ್ನೆಗಳ ಪಟ್ಟಿ ಹನುಮಂತನ ಬಾಲವಾದರೆ ಅರ್ಹರೂ ನಿಲ್ಲುತ್ತಾರೆ. ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಕೂತು ಫೋನ್ ನೋಡುವ ನರ್ಸ್ ಆಧಾರ್, ಅಂಕಪಟ್ಟಿ, ಅನುಭವ ಪ್ರಮಾಣಪತ್ರ ಎಲ್ಲವನ್ನೂ ಅಲ್ಲೇ ಸ್ಕ್ಯಾನ್ ಮಾಡಿ ಕಳಿಸುವುದಿಲ್ಲ. ಅರ್ಹತೆಯನ್ನು ನಿರ್ಧರಿಸುವ ಪ್ರಶ್ನೆಗಳಷ್ಟೇ ಅರ್ಜಿಯಲ್ಲಿರಲಿ, ಉಳಿದದ್ದು ಸಂದರ್ಶನದ ದಿನಕ್ಕಿರಲಿ.

ನಮ್ಮ ಆಸ್ಪತ್ರೆ ಎರಡನೆಯ ತಿಂಗಳು ಜಾಹೀರಾತನ್ನು ತಿದ್ದಿ ಬರೆಯಿತು ಎಂದಿಟ್ಟುಕೊಳ್ಳಿ. ‘ಜಿಎನ್‌ಎಂ ಅಥವಾ ಬಿ.ಎಸ್ಸಿ. ನರ್ಸಿಂಗ್, ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿ ಕಡ್ಡಾಯ. ಕನಿಷ್ಠ ಎರಡು ವರ್ಷ ಅನುಭವ. ತಿಂಗಳಲ್ಲಿ ಎಂಟು ನೈಟ್ ಡ್ಯೂಟಿ.’ ಅದರ ಕೆಳಗೆ ಸಂಬಳ ಎಷ್ಟರಿಂದ ಎಷ್ಟು ಎಂಬ ಅಂಕಿ, ಹಾಸ್ಟೆಲ್ ಇದೆಯೇ ಇಲ್ಲವೇ ಎಂಬ ಒಂದು ಸಾಲು. ಖರ್ಚು ಅದೇ 24,000. ಈ ಸಲ ಬಂದದ್ದು 150 ಅರ್ಜಿ, ಅದರಲ್ಲಿ 30 ಅರ್ಹರು. ಒಂದು ಅರ್ಜಿಯ ವೆಚ್ಚ 40ರಿಂದ 160 ರೂಪಾಯಿಗೆ ಏರಿತು. ಅರ್ಜಿ ಎಣಿಸುವ ಮ್ಯಾನೇಜರ್ ಇದನ್ನು ನೋಡಿದರೆ ಜಾಹೀರಾತು ನಾಲ್ಕು ಪಟ್ಟು ಕೆಟ್ಟಿತು ಎಂದು ಏಜೆನ್ಸಿಯವರನ್ನು ಕರೆಸಿ ಕೂಗಾಡಬಹುದು. ಆದರೆ ಅರ್ಹರೊಬ್ಬರ ವೆಚ್ಚ, ಅರ್ಜಿ ನೋಡುವ ಶ್ರಮವನ್ನೂ ಸೇರಿಸಿ, 2,281ರಿಂದ ಸುಮಾರು 904ಕ್ಕೆ ಇಳಿದಿದೆ. ಒಂದೇ ಜಾಹೀರಾತನ್ನು ಎರಡು ಅಳತೆಗಳು ಎದುರುಬದುರು ದಿಕ್ಕಿನಲ್ಲಿ ತೂಗುತ್ತಿವೆ. ಇಲ್ಲಿ ನಂಬಬೇಕಾದದ್ದು ಎರಡನೆಯದನ್ನು.

ಇಷ್ಟೆಲ್ಲ ಲೆಕ್ಕಕ್ಕೆ ಆಧಾರ ಒಂದು ಮಾಹಿತಿ: ಯಾರು ಯಾವ ಜಾಹೀರಾತು ನೋಡಿ ಬಂದರು? ಅಮೆರಿಕದ ಜಾಹೀರಾತು ಬರಹಗಾರ ಕ್ಲಾಡ್ ಹಾಪ್ಕಿನ್ಸ್ 1923ರಲ್ಲಿ ಪ್ರಕಟಿಸಿದ ‘ಸೈಂಟಿಫಿಕ್ ಅಡ್ವರ್ಟೈಸಿಂಗ್’ ಪುಸ್ತಕದಲ್ಲಿ ಕೂಪನ್‌ಗಳ ಮೂಲಕ ಯಾವ ಜಾಹೀರಾತಿಗೆ ಎಷ್ಟು ಉತ್ತರ ಬಂತು ಎಂದು ಅಳೆಯುವ ಪದ್ಧತಿಯನ್ನು ಒತ್ತಿ ಹೇಳಿದ್ದರು. ಇಂದು ಅದೇ ಕೆಲಸವನ್ನು ಲಿಂಕಿನ ಬಾಲದಲ್ಲಿ ಅಂಟಿಸುವ ಗುರುತು ಮಾಡುತ್ತದೆ:

```
?utm_source=facebook&utm_medium=cpc&utm_campaign=nurse-june
```

ಇದರ ಮೊದಲಲ್ಲಿರುವ `utm` ಎಂಬ ಅಕ್ಷರಗಳು ಬಂದದ್ದು ಅರ್ಚಿನ್ ಎಂಬ ಸಾಫ್ಟ್‌ವೇರ್‌ನಿಂದ. ಆ ಕಂಪನಿಯನ್ನು ಗೂಗಲ್ 2005ರಲ್ಲಿ ಕೊಂಡಿತು. ಗುರುತು ಹಾಕಿದ ಲಿಂಕಿನಿಂದ ಬಂದವರು ಯಾವ ಕಡೆಯಿಂದ ಬಂದರು ಎಂಬುದು ದಾಖಲಾಗುತ್ತದೆ. ಪತ್ರಿಕೆಯ ಜಾಹೀರಾತಿಗೆ ಇಂಥ ಬಾಲವಿಲ್ಲ. ಅದಕ್ಕಾಗಿ ಪತ್ರಿಕೆಯಲ್ಲಿ ಬೇರೆ ಫೋನ್ ನಂಬರ್ ಕೊಡುವುದು ಅಥವಾ ಬೇರೆ ಕ್ಯೂಆರ್ ಕೋಡ್ ಮುದ್ರಿಸುವುದು ರೂಢಿ. ಆದರೂ ಸೋರಿಕೆ ಇದ್ದೇ ಇರುತ್ತದೆ. ಧಾರವಾಡದಲ್ಲಿ ಪತ್ರಿಕೆ ಓದಿದ ತಂದೆ ಮಗಳಿಗೆ ಹೇಳುತ್ತಾರೆ. ಮಗಳು ಆಸ್ಪತ್ರೆಯ ಹೆಸರನ್ನು ಗೂಗಲ್‌ನಲ್ಲಿ ಹುಡುಕಿ ವೆಬ್‌ಸೈಟಿನಲ್ಲಿ ಅರ್ಜಿ ಹಾಕುತ್ತಾಳೆ. ಕಂಪ್ಯೂಟರ್ ಅದನ್ನು ‘ಗೂಗಲ್, ಖರ್ಚು ಸೊನ್ನೆ’ ಎಂದು ಬರೆದುಕೊಳ್ಳುತ್ತದೆ. ಪತ್ರಿಕೆಯಲ್ಲಿ ಜಾಹೀರಾತು ನಿಲ್ಲಿಸಿದ ತಿಂಗಳು ವೆಬ್‌ಸೈಟಿನ ಅರ್ಜಿಗಳೂ ಕುಸಿದರೆ, ಆ ‘ಸೊನ್ನೆ ಖರ್ಚಿ’ನ ಅರ್ಜಿಗಳಿಗೆ ಹಣ ಕೊಡುತ್ತಿದ್ದವರು ಯಾರು ಎಂಬುದು ಆಗ ಗೊತ್ತಾಗುತ್ತದೆ.

ಇಲ್ಲಿ ಜಾಣ ಓದುಗರು ಒಂದು ಪ್ರಶ್ನೆ ಕೇಳಬಹುದು. ಕೊನೆಗೆ ಬೇಕಾದದ್ದು ಕೆಲಸಕ್ಕೆ ಸೇರುವ ನರ್ಸ್ ತಾನೆ? ನೇಮಕಾತಿಯ ವೆಚ್ಚವನ್ನೇ ನೋಡಿದರಾಯಿತು, ನಡುವೆ ಈ ‘ಅರ್ಹ ಅರ್ಜಿದಾರ’ ಯಾಕೆ?

ಉತ್ತರ ಸಂಖ್ಯೆಗಳ ಗಾತ್ರದಲ್ಲಿದೆ. ಮೊದಲ ತಿಂಗಳ ಜಾಹೀರಾತಿನಿಂದ ಪತ್ರಿಕೆಯ ಕಡೆಯವರು ನಾಲ್ಕು ಜನ, ಫೇಸ್‌ಬುಕ್ ಕಡೆಯವರು ಮೂರು ಜನ ಆಫರ್ ಒಪ್ಪಿಕೊಂಡರು ಅನ್ನೋಣ. ತಲಾ ವೆಚ್ಚ ಸುಮಾರು 9,500 ಮತ್ತು 12,200 ರೂಪಾಯಿ. ಪತ್ರಿಕೆಯೇ ಮೇಲು ಎಂದು ಬರೆಯಬಹುದು. ಆದರೆ ಆ ನಾಲ್ವರಲ್ಲಿ ಒಬ್ಬರು ಮದುವೆ ನಿಶ್ಚಯವಾಗಿ ಬೆಂಗಳೂರಿಗೆ ಹೊರಟರು, ಅವರ ಜಾಗಕ್ಕೆ ಫೇಸ್‌ಬುಕ್ ಕಡೆಯ ಇನ್ನೊಬ್ಬರು ಬಂದರು ಎಂದಿಟ್ಟುಕೊಳ್ಳಿ. ಪತ್ರಿಕೆಯ ವೆಚ್ಚ 12,600 ದಾಟುತ್ತದೆ, ಫೇಸ್‌ಬುಕ್‌ನದು ಸುಮಾರು 9,100ಕ್ಕೆ ಇಳಿಯುತ್ತದೆ. ಒಂದು ಮದುವೆಯಿಂದ ತೀರ್ಪು ತಲೆಕೆಳಗಾಯಿತು. ಜಾಹೀರಾತಿನ ಗುಣಕ್ಕೂ ಅದಕ್ಕೂ ಏನು ಸಂಬಂಧ? ಮೂರು ನಾಲ್ಕು ಜನರನ್ನು ಇಟ್ಟುಕೊಂಡು ಸಾವಿರಗಟ್ಟಲೆ ಖರ್ಚಿನ ನಿರ್ಧಾರ ಮಾಡುವುದು ಅಪಾಯ. 48 ಮತ್ತು 16ರಲ್ಲಿ ಒಬ್ಬರು ಅತ್ತಿತ್ತ ಆದರೆ ಚಿತ್ರ ಬದಲಾಗುವುದಿಲ್ಲ. ಜೊತೆಗೆ ನೇಮಕಾತಿಯ ಅಂಕಿ ಕೈಗೆ ಬರಲು ತಿಂಗಳುಗಳು ಬೇಕು, ಅರ್ಹರ ಸಂಖ್ಯೆ ಒಂದೆರಡು ವಾರದಲ್ಲೇ ಗೊತ್ತಾಗುತ್ತದೆ. ಜಾಹೀರಾತು ಇನ್ನೂ ನಡೆಯುತ್ತಿರುವಾಗಲೇ ತಿದ್ದಬಹುದು. ಕ್ಲಿಕ್ಕುಗಳಷ್ಟು ಪೊಳ್ಳಲ್ಲ, ನೇಮಕಾತಿಯಷ್ಟು ವಿರಳವೂ ಅಲ್ಲ. ಈ ನಡುವಿನ ಅಳತೆಗೆ ಬೆಲೆ ಬಂದದ್ದು ಅದಕ್ಕಾಗಿ.

ಆದರೆ ಈ ಅಳತೆಯನ್ನೂ ಕೆಡಿಸಬಹುದು. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಬರೆಯುತ್ತ ಗುರುತಿಸಿದ ಸಂಗತಿ ಇಲ್ಲಿಗೂ ಒಪ್ಪುತ್ತದೆ: ಒಂದು ಅಳತೆಯನ್ನು ಗುರಿಯಾಗಿ ಹಿಡಿದು ಒತ್ತಡ ಹೇರಿದ ಕೂಡಲೇ ಅದು ನಂಬಿಕೆಗೆ ತಕ್ಕದ್ದಾಗಿ ಉಳಿಯುವುದಿಲ್ಲ. ‘ಅರ್ಹ ಅರ್ಜಿದಾರರ ವೆಚ್ಚ ಸಾವಿರದೊಳಗೆ ಇರಬೇಕು, ಇಲ್ಲದಿದ್ದರೆ ಗುತ್ತಿಗೆ ರದ್ದು’ ಎಂದು ಏಜೆನ್ಸಿಗೆ ಹೇಳಿದರೆ, ಒಂದೂವರೆ ವರ್ಷದ ಅನುಭವವೂ ಎರಡು ವರ್ಷವಾಗುತ್ತದೆ; ‘ನೋಂದಣಿಗೆ ಹಾಕಿದ್ದೇನೆ’ ಎಂದವರೂ ನೋಂದಾಯಿತರಾಗುತ್ತಾರೆ. ವೆಚ್ಚ ಕಾಗದದ ಮೇಲೆ ಇಳಿಯುತ್ತದೆ. ಇದನ್ನು ಹಿಡಿಯುವ ದಾರಿ ಸರಳವಾಗಿದೆ. ಅರ್ಹರೆಂದು ಗುರುತಿಸಿದ ಹತ್ತು ಜನರಲ್ಲಿ ಎಷ್ಟು ಜನರನ್ನು ನರ್ಸಿಂಗ್ ಸೂಪರಿಂಟೆಂಡೆಂಟ್ ಸಂದರ್ಶನಕ್ಕೆ ಕರೆಯಲು ಒಪ್ಪುತ್ತಾರೆ ಎಂದು ತಿಂಗಳು ತಿಂಗಳೂ ನೋಡಬೇಕು. ಮೊದಲು ಎಂಟು ಇದ್ದದ್ದು ನಾಲ್ಕಕ್ಕೆ ಬಂದರೆ ಅರ್ಹತೆ ಸಡಿಲವಾಗಿದೆ ಎಂದೇ ತಿಳಿಯಬೇಕು. ಅರ್ಹತೆ ತೀರ್ಮಾನಿಸುವವರು ಅದರ ಮೇಲೆ ಹಣ ಪಡೆಯುವವರಾಗಿರಬಾರದು.

ಇನ್ನೊಂದು ಅಡ್ಡ ಪರಿಣಾಮ ಇದಕ್ಕಿಂತ ಗಂಭೀರವಾದದ್ದು. ಅಂತರ್ಜಾಲದಲ್ಲಿ ಯಾರಿಗೆ ಜಾಹೀರಾತು ಕಾಣಬೇಕೆಂದು ಕ್ಷಣಕ್ಷಣಕ್ಕೂ ನಿರ್ಧರಿಸುವುದು ಗಣಕದ ಕ್ರಮವಿಧಿ. ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಎಂಬುದೇ ಅದಕ್ಕೆ ಕೊಟ್ಟ ಆದೇಶ. ಸಂಶೋಧಕಿಯರಾದ ಅಂಜಾ ಲ್ಯಾಂಬ್ರೆಕ್ಟ್ ಮತ್ತು ಕ್ಯಾಥರೀನ್ ಟಕ್ಕರ್ ವಿಜ್ಞಾನ, ತಂತ್ರಜ್ಞಾನ ಕ್ಷೇತ್ರದ ಉದ್ಯೋಗಗಳ ಬಗ್ಗೆ ಒಂದು ಜಾಹೀರಾತನ್ನು 191 ದೇಶಗಳಲ್ಲಿ ಹರಿಯಬಿಟ್ಟು ನೋಡಿದರು. ಹೆಣ್ಣು ಗಂಡು ಎಂಬ ಭೇದವಿಲ್ಲದೆ ಎಲ್ಲರಿಗೂ ಕಾಣಲಿ ಎಂದೇ ಅದನ್ನು ಹೊಂದಿಸಲಾಗಿತ್ತು. ಆದರೂ ಅದನ್ನು ನೋಡಿದ ಹೆಂಗಸರ ಸಂಖ್ಯೆ ಗಂಡಸರಿಗಿಂತ ಕಡಿಮೆ. 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರು ಕೊಟ್ಟ ಕಾರಣ ಗಮನಿಸುವಂಥದ್ದು. ಯುವತಿಯರ ಕಣ್ಣಿಗೆ ಬೀಳಲು ಇತರ ಜಾಹೀರಾತುದಾರರ ಪೈಪೋಟಿ ಹೆಚ್ಚು, ಆದ್ದರಿಂದ ಅವರಿಗೆ ಜಾಹೀರಾತು ತೋರಿಸುವುದು ದುಬಾರಿ. ಖರ್ಚು ಉಳಿಸಲು ಹೊರಟ ಕ್ರಮವಿಧಿ ಅವರನ್ನು ಬಿಟ್ಟು ಮುಂದೆ ಹೋಯಿತು. ಯಾರೂ ತಾರತಮ್ಯ ಮಾಡಬೇಕೆಂದು ಬಯಸಿರಲಿಲ್ಲ. ಅಗ್ಗದ ಬೆನ್ನು ಹತ್ತಿದ್ದಷ್ಟೇ ಸಾಕಾಯಿತು. ಆದ್ದರಿಂದ ಒಟ್ಟು ಸರಾಸರಿ ವೆಚ್ಚ ಇಳಿಯಿತೆಂದು ಸಂತೋಷಪಡುವ ಮೊದಲು ಜಾಹೀರಾತು ಯಾರಿಗೆಲ್ಲ ಕಂಡಿತು ಎಂಬ ವಿವರವನ್ನು ತೆರೆದು ನೋಡುವುದು ನ್ಯಾಯ.

ಈ ಕ್ರಮವಿಧಿಗೆ ‘ಅರ್ಹ’ ಎಂದರೆ ಏನೆಂದು ತಾನಾಗಿ ತಿಳಿಯುವುದೂ ಇಲ್ಲ. ನಮೂನೆ ತುಂಬಿದವರೆಲ್ಲ ಅದಕ್ಕೆ ಒಂದೇ. ಇದೇ ರೀತಿಯ ಜನರನ್ನು ಇನ್ನಷ್ಟು ತರುತ್ತೇನೆ ಎಂದು ಅದು ಹೊರಡುತ್ತದೆ. ಆ 600ರಲ್ಲಿ ಅರ್ಹರಾದ 16 ಜನ ಯಾರೆಂಬುದನ್ನು ಅದಕ್ಕೆ ಮರಳಿ ತಿಳಿಸುವ ವ್ಯವಸ್ಥೆ ಮಾಡಿಕೊಳ್ಳಬೇಕು, ಅದು ಸಾಧ್ಯವಿದೆ. ಮಾಡದಿದ್ದರೆ ತಿಂಗಳುಗಳು ಕಳೆದಂತೆ ಜಾಹೀರಾತು ಅನರ್ಹರನ್ನು ಹುಡುಕುವುದರಲ್ಲಿ ಮಾತ್ರ ಪಳಗುತ್ತದೆ.

ಇನ್ನು ದಿನಗಳ ಲೆಕ್ಕ. ಒಬ್ಬ ನರ್ಸ್‌ನ ಕಡತವನ್ನೇ ತೆಗೆದುಕೊಳ್ಳೋಣ. ವಾರ್ಡ್ ಇನ್‌ಚಾರ್ಜ್ ‘ಒಬ್ಬರು ಬೇಕು’ ಎಂದು ಬರೆದುಕೊಟ್ಟದ್ದು ಜೂನ್ 1. ಆಡಳಿತ ಮಂಡಳಿ ಒಪ್ಪಿದ್ದು ಜೂನ್ 12. ಜಾಹೀರಾತು ಬಂದದ್ದು 17ಕ್ಕೆ. ಆಕೆ ಅರ್ಜಿ ಹಾಕಿದ್ದು ಜೂನ್ 20, ಸಂದರ್ಶನ ಜುಲೈ 4, ಆಫರ್ ಲೆಟರ್ ಜುಲೈ 9, ಒಪ್ಪಿದ್ದು ಜುಲೈ 11. ಹಳೆಯ ಆಸ್ಪತ್ರೆಯಲ್ಲಿ ನೋಟಿಸ್ ಪಿರಿಯಡ್ ಮುಗಿಸಿ ಬಂದು ಡ್ಯೂಟಿಗೆ ಹಾಜರಾದದ್ದು ಆಗಸ್ಟ್ 10.

ಎಷ್ಟು ದಿನ ಹಿಡಿಯಿತು? ಅರ್ಜಿ ಹಾಕಿದ ದಿನದಿಂದ ಒಪ್ಪಿದ ದಿನಕ್ಕೆ 21 ದಿನ. ನೇಮಕಾತಿಯ ಅವಧಿ ಎಂದು ಸಾಮಾನ್ಯವಾಗಿ ಕರೆಯುವುದು ಇದನ್ನು. ಹುದ್ದೆಗೆ ಮಂಜೂರಾತಿ ಸಿಕ್ಕ ದಿನದಿಂದ ಎಣಿಸಿದರೆ 29 ದಿನ. ಇದು ಹುದ್ದೆ ತುಂಬಲು ಹಿಡಿದ ಅವಧಿ. ವಾರ್ಡ್ ಇನ್‌ಚಾರ್ಜ್ ಎಣಿಸಿದರೆ 70 ದಿನ. ಮೂರೂ ನಿಜ. ಎಚ್‌ಆರ್ ವರದಿಯಲ್ಲಿ 21 ಎಂದು ಓದಿದ ಇನ್‌ಚಾರ್ಜ್, ‘ನಾನು ಎಪ್ಪತ್ತು ದಿನ ಒಬ್ಬರಿಲ್ಲದೆ ರೋಸ್ಟರ್ ಹಾಕಿದ್ದೇನೆ, ಇವರು ಇಪ್ಪತ್ತೊಂದು ಅಂತಾರಲ್ಲ’ ಎಂದು ಕೆರಳಿದರೆ ಅದು ಸಹಜ. ಎರಡು ಆಸ್ಪತ್ರೆಗಳ ಅಂಕಿಗಳನ್ನು ಹೋಲಿಸುವಾಗ ಗಡಿಯಾರ ಎಲ್ಲಿ ಶುರುವಾಯಿತು, ಎಲ್ಲಿ ನಿಂತಿತು ಎಂದು ಮೊದಲು ಕೇಳಬೇಕಾದದ್ದು ಇದಕ್ಕೇ.

ಆ ಕಡತವನ್ನು ಇನ್ನೂ ಹತ್ತಿರದಿಂದ ನೋಡಿ. ಮಂಜೂರಾತಿಗೆ 11 ದಿನ, ಜಾಹೀರಾತು ಹೊರಡಲು 5 ದಿನ. ಜಾಹೀರಾತು ಹೊರಟ ಮೂರೇ ದಿನಕ್ಕೆ ಅರ್ಹ ಅರ್ಜಿ ಬಂದು ಕೂತಿದೆ. ಆಮೇಲೆ ಸಂದರ್ಶನಕ್ಕೆ 14 ದಿನ ಕಾದಿದೆ. ಇಂಥ ಕಡೆ ‘ಬೇಗ ಜನ ಬೇಕು, ಜಾಹೀರಾತಿಗೆ ಇನ್ನಷ್ಟು ಹಣ ಹಾಕಿ’ ಎಂದರೆ ಆ ಹಣ ಮೂರು ದಿನವನ್ನು ಎರಡು ಮಾಡಬಹುದು, ಅಷ್ಟೆ. ಹದಿನಾಲ್ಕು ದಿನವನ್ನು ಮುಟ್ಟಲಾರದು. ವಾರದಲ್ಲಿ ಎರಡು ದಿನ ಸಂದರ್ಶನಕ್ಕೆಂದೇ ಮೀಸಲಿಟ್ಟರೆ ಖರ್ಚಿಲ್ಲದೆ ಹತ್ತು ದಿನ ಉಳಿಯುತ್ತದೆ. ಉಳಿಯುವುದು ದಿನ ಮಾತ್ರವಲ್ಲ. ಅರ್ಹ ನರ್ಸ್ ಒಂದೇ ಕಡೆ ಅರ್ಜಿ ಹಾಕಿರುವುದಿಲ್ಲ. ಎರಡು ವಾರ ಯಾರೂ ಫೋನ್ ಮಾಡದಿದ್ದರೆ ಬೇರೆ ಆಸ್ಪತ್ರೆ ಅವರನ್ನು ಕರೆದುಕೊಂಡಿರುತ್ತದೆ. ಆಗ ಅವರಿಗಾಗಿ ಕೊಟ್ಟ 789 ರೂಪಾಯಿಯೂ ನೀರಿಗೆ ಹೋದಂತೆ. ದಿನಗಳ ಲೆಕ್ಕ ಮತ್ತು ರೂಪಾಯಿಯ ಲೆಕ್ಕ ಬೆಸೆದುಕೊಳ್ಳುವುದು ಇಲ್ಲಿ.

ಸರಾಸರಿಯ ಬಗ್ಗೆಯೂ ಎಚ್ಚರ ಬೇಕು. ನಮ್ಮ ಆಸ್ಪತ್ರೆಯ ಏಳು ನೇಮಕಾತಿಗಳು ಕ್ರಮವಾಗಿ 14, 16, 18, 21, 23, 25 ಮತ್ತು 93 ದಿನ ತೆಗೆದುಕೊಂಡವು ಅನ್ನಿ. ಸರಾಸರಿ 30 ದಿನ. ಆದರೆ ಏಳರಲ್ಲಿ ಆರು ನೇಮಕಾತಿ 25 ದಿನದೊಳಗೆ ಮುಗಿದಿವೆ. ಒಂದೇ ಒಂದು ಕಡತ ಎಲ್ಲವನ್ನೂ ಮೇಲಕ್ಕೆ ಎಳೆದಿದೆ. ಸಾಲಾಗಿ ನಿಲ್ಲಿಸಿ ನಡುವಿನದನ್ನು ಹಿಡಿದರೆ 21 ಸಿಗುತ್ತದೆ. ಇಂಥ ಲೆಕ್ಕಕ್ಕೆ ಈ ನಡುಬೆಲೆಯೇ ಹೆಚ್ಚು ಪ್ರಾಮಾಣಿಕ. 93 ದಿನದ ಕಡತವನ್ನು ಪ್ರತ್ಯೇಕವಾಗಿ ತೆರೆದು ಏನಾಯಿತೆಂದು ನೋಡಬೇಕು.

ಎಂಟು ಹುದ್ದೆಗಳಲ್ಲಿ ಏಳು ತುಂಬಿದವು ಎಂದಾಯಿತು. ಎಂಟನೆಯದು? ಅದು ಐಸಿಯುನ ಹುದ್ದೆ, 120 ದಿನದಿಂದ ಖಾಲಿ. ಮೇಲಿನ ಯಾವ ಲೆಕ್ಕದಲ್ಲೂ ಅದು ಕಾಣುವುದಿಲ್ಲ, ಯಾಕೆಂದರೆ ಮುಗಿಯದ ನೇಮಕಾತಿಗೆ ಅವಧಿ ಎಂಬುದೇ ಇಲ್ಲ. ಅತ್ಯಂತ ಕಷ್ಟದ ಹುದ್ದೆಗಳು ಖಾಲಿ ಉಳಿದಷ್ಟೂ ವರದಿ ಚೆನ್ನಾಗಿ ಕಾಣುತ್ತದೆ. ಯಾವತ್ತೋ ಆ ಹುದ್ದೆ ತುಂಬಿದ ತಿಂಗಳು ಅಂಕಿ ಒಮ್ಮೆಲೇ ಕೆಡುತ್ತದೆ. ಒಳ್ಳೆಯ ಕೆಲಸ ಮಾಡಿದ ತಿಂಗಳೇ ಕೆಟ್ಟ ಹೆಸರು. ಆದ್ದರಿಂದ ತುಂಬಿದ ಹುದ್ದೆಗಳ ಅವಧಿಯ ಪಕ್ಕದಲ್ಲಿ, ಇನ್ನೂ ಖಾಲಿ ಇರುವ ಹುದ್ದೆಗಳು ಎಷ್ಟು ದಿನದಿಂದ ಖಾಲಿ ಇವೆ ಎಂಬ ಪಟ್ಟಿಯೂ ಪ್ರತಿ ವರದಿಯಲ್ಲಿರಬೇಕು. ಆಡಳಿತ ಮಂಡಳಿ ಮೊದಲು ಓದಬೇಕಾದದ್ದು ಆ ಪಟ್ಟಿಯನ್ನು.

ಸೇರಿದವರು ಉಳಿದರೇ ಎಂಬುದು ಈ ಎರಡೂ ಅಳತೆಗಳ ಆಚೆಗಿನ ಪ್ರಶ್ನೆ. 1913ರಲ್ಲಿ ಹೆನ್ರಿ ಫೋರ್ಡ್‌ನ ಕಾರು ಕಾರ್ಖಾನೆ ಸುಮಾರು 14,000 ಕೆಲಸಗಾರರನ್ನು ಉಳಿಸಿಕೊಳ್ಳಲು 52,000ಕ್ಕೂ ಹೆಚ್ಚು ಜನರನ್ನು ನೇಮಿಸಿಕೊಳ್ಳಬೇಕಾಯಿತು. ಯಂತ್ರದ ಪಟ್ಟಿಯ ಮುಂದೆ ದಿನವಿಡೀ ಒಂದೇ ಕೆಲಸ ಮಾಡಲಾರದೆ ಜನ ಬಿಟ್ಟು ಹೋಗುತ್ತಿದ್ದರು. ಮರುವರ್ಷ ಜನವರಿಯಲ್ಲಿ ಫೋರ್ಡ್ ದಿನಕ್ಕೆ ಐದು ಡಾಲರ್ ಕೂಲಿ ಘೋಷಿಸಿದಾಗ ಕಾರ್ಖಾನೆಯ ಬಾಗಿಲಲ್ಲಿ ಸಾವಿರಾರು ಜನ ಸೇರಿದರು, ಕೆಲಸ ಬಿಡುವವರ ಸಂಖ್ಯೆಯೂ ಇಳಿಯಿತು. ಅಂದು ಬದಲಾದದ್ದು ಜಾಹೀರಾತಲ್ಲ, ಕೂಲಿ. ನಮ್ಮ ಆಸ್ಪತ್ರೆಯ ಐಸಿಯು ಹುದ್ದೆ ನಾಲ್ಕು ತಿಂಗಳಿಂದ ಖಾಲಿ ಇದ್ದರೆ, ಅರ್ಹರು ಬಂದು ಸಂಬಳ ಕೇಳಿ ಹಿಂದೆ ಸರಿಯುತ್ತಿದ್ದಾರೆಯೇ ಎಂದು ನೋಡಬೇಕು. ಅರ್ಹರು ಬರುತ್ತಲೇ ಇಲ್ಲವೆಂದರೆ ಜಾಹೀರಾತನ್ನು ತಿದ್ದಬೇಕು. ಬಂದು ಹೋಗುತ್ತಿದ್ದಾರೆಂದರೆ ಸಂಬಳವನ್ನೋ ರೋಸ್ಟರನ್ನೋ ತಿದ್ದಬೇಕು.

ಜಾಹೀರಾತು ಕೊಡುವ ಸಣ್ಣ ಸಂಸ್ಥೆಗಳಿಗೆ ಇದಕ್ಕೆಲ್ಲ ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ. ಒಂದು ಎಕ್ಸೆಲ್ ಹಾಳೆಯಲ್ಲಿ ಪ್ರತಿ ಅರ್ಜಿದಾರರಿಗೆ ಒಂದು ಸಾಲು, ಅದರಲ್ಲಿ ಎಲ್ಲಿಂದ ಬಂದರು, ಅರ್ಹರೇ, ಯಾವ ದಿನ ಏನಾಯಿತು ಎಂಬ ಕಾಲಮ್ಮುಗಳು, ಒಬ್ಬರೇ ಎರಡು ಕಡೆಯಿಂದ ಅರ್ಜಿ ಹಾಕಿದ್ದರೆ ಒಂದೇ ಸಾಲು. ಇಷ್ಟಿದ್ದರೆ ಇಲ್ಲಿ ಹೇಳಿದ ಲೆಕ್ಕವೆಲ್ಲ ಅರ್ಧ ದಿನದ ಕೆಲಸ. ಕೆಲಸ ಹುಡುಕುತ್ತಿರುವವರಿಗೂ ಒಂದು ಮಾತು. ಅರ್ಜಿಯ ಮೊದಲ ಸಾಲಿನಲ್ಲೇ ನೋಂದಣಿ ಸಂಖ್ಯೆ, ಎಷ್ಟು ವರ್ಷದ ಅನುಭವ, ಯಾವ ದಿನದಿಂದ ಸೇರಬಹುದು ಎಂಬುದನ್ನು ಬರೆಯಿರಿ; ಆರುನೂರರ ರಾಶಿಯಲ್ಲಿ ನಿಮ್ಮ ಅರ್ಜಿಗೆ ಸಿಗುವುದು ಐದೇ ನಿಮಿಷ. ‘ಈ ಜಾಹೀರಾತನ್ನು ಎಲ್ಲಿ ನೋಡಿದಿರಿ?’ ಎಂಬ ಪ್ರಶ್ನೆ ಇದ್ದರೆ ಬಿಟ್ಟುಬಿಡದೆ ನಿಜವಾದ ಉತ್ತರ ಕೊಡಿ. ಒಂದು ವಾರದಲ್ಲಿ ಕರೆ ಬರದಿದ್ದರೆ ನೀವೇ ಫೋನ್ ಮಾಡಿ ಕೇಳಿ.